ಆಷಾಢದಲ್ಲಿ ಸೊನ್ನೆ, ಶ್ರಾವಣದಲ್ಲಿ 450: ಒಂದೇ ಆರ್ಡರಿನ ಎರಡು ಕೂಲಿ

ಪ್ರಶ್ನೆ: ಸರ್, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಇದೆ. ಮೂವರು ವೆಲ್ಡರ್, ಮೂವರು ಹೆಲ್ಪರ್, ಎಲ್ಲರಿಗೂ ತಿಂಗಳ ಸಂಬಳ. ಮನೆಗಳ ಗೇಟು, ಗ್ರಿಲ್ಲೇ ಮುಖ್ಯ ಕೆಲಸ. ಆಷಾಢ ಬಂದರೆ ಕೆಲಸ ಕಮ್ಮಿ. ಈಗ ಮಂಡ್ಯ ಕಡೆಯ ಒಂದು ಶಾಲೆಯವರು 60 ಡೆಸ್ಕ್ ಕೇಳಿದ್ದಾರೆ, ಒಂದಕ್ಕೆ 3,400 ರೂಪಾಯಿ ಮೇಲೆ ಒಂದು ಪೈಸೆ ಕೊಡಲ್ಲ ಅಂತಾರೆ. ನಮ್ಮ ಅಕೌಂಟೆಂಟ್ ಲೆಕ್ಕ ಹಾಕಿ 9,000 ನಷ್ಟ, ಬೇಡ ಅಂದರು. ನನ್ನ ತಮ್ಮ, ಸಂಬಳ ಹೇಗಿದ್ರೂ ಕೊಡ್ತೀವಲ್ಲ, ಕೂಲಿ ಸೊನ್ನೆ ಹಾಕಣ್ಣ, 39,000 ಉಳಿಯುತ್ತೆ ಅಂತಾನೆ. ಇಬ್ಬರ ಹಾಳೆಯನ್ನೂ, ನಮ್ಮ ಗೇಟಿನ ಲೆಕ್ಕವನ್ನೂ ಕಳಿಸಿದ್ದೇನೆ. ಯಾರದು ಸರಿ?

ಉತ್ತರ: ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಜಗಳ ಇರುವುದು ಒಂದೇ ಒಂದು ಸಾಲಿನಲ್ಲಿ. ಡೆಸ್ಕ್ ಮಾರಿದರೆ ಬರುವುದು 2,04,000 ರೂಪಾಯಿ, ಅದರಲ್ಲಿ ಇಬ್ಬರಿಗೂ ಒಮ್ಮತ. ಸ್ಕ್ವೇರ್ ಪೈಪು, ಪ್ಲೈವುಡ್, ವೆಲ್ಡಿಂಗ್ ರಾಡು, ಕಟಿಂಗ್ ವೀಲು, ರೆಡ್ ಆಕ್ಸೈಡು, ಪೇಂಟು, ಮಂಡ್ಯಕ್ಕೆ ಸಾಗಿಸುವ ಗೂಡ್ಸ್ ಗಾಡಿ, ಎಲ್ಲ ಸೇರಿ ಡೆಸ್ಕಿಗೆ 2,750, ಅಂದರೆ 1,65,000. ಅದರಲ್ಲೂ ಒಮ್ಮತ. ಉಳಿಯುವ 39,000 ರೂಪಾಯಿಯಿಂದ ಕೂಲಿ ಕಳೆಯಬೇಕೋ ಬೇಡವೋ, ಕಳೆಯುವುದಾದರೆ ಎಷ್ಟು, ಪ್ರಶ್ನೆ ಇಷ್ಟೇ.

ನಿಮ್ಮಲ್ಲಿ ಒಬ್ಬ ವೆಲ್ಡರ್ ಮತ್ತು ಒಬ್ಬ ಹೆಲ್ಪರ್ ಸದಾ ಜೊತೆಯಲ್ಲೇ ಕೆಲಸ ಮಾಡುವುದರಿಂದ ಅವರನ್ನು ಒಂದು ಜೋಡಿ ಎಂದೇ ಇಟ್ಟುಕೊಳ್ಳೋಣ. ವೆಲ್ಡರ್‌ಗೆ ತಿಂಗಳಿಗೆ 26,000, ಹೆಲ್ಪರ್‌ಗೆ 15,600. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದು ಹಿಡಿದರೆ ಜೋಡಿಯ ಒಂದು ಗಂಟೆಗೆ 200 ರೂಪಾಯಿ ಬೀಳುತ್ತದೆ. ಒಂದು ಡೆಸ್ಕಿಗೆ ಜೋಡಿಯ ನಾಲ್ಕು ಗಂಟೆ, ಅರವತ್ತಕ್ಕೆ 240 ಗಂಟೆ. ಅಕೌಂಟೆಂಟ್ 240ನ್ನು 200ರಿಂದ ಗುಣಿಸಿ 48,000 ಕಳೆದಿದ್ದಾರೆ, ಹಾಗಾಗಿ 9,000 ನಷ್ಟ. ನಿಮ್ಮ ತಮ್ಮ ಏನನ್ನೂ ಕಳೆದಿಲ್ಲ.

ಬಿ.ಕಾಂ. ಓದಿದವರು ಇದಕ್ಕೆ ರೆಲೆವೆಂಟ್ ಕಾಸ್ಟ್ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಕೇಳಬೇಕಾದದ್ದು ಸಣ್ಣ ಮಾತು: ಈ ಆರ್ಡರ್ ಒಪ್ಪಿಕೊಂಡರೆ ನಿಮ್ಮ ಗಲ್ಲಾಪೆಟ್ಟಿಗೆಯಿಂದ ಎಷ್ಟು ಹೆಚ್ಚು ಹಣ ಹೋಗುತ್ತದೆ, ಇಲ್ಲವೇ ಬರಬೇಕಾದ ಹಣದಲ್ಲಿ ಎಷ್ಟು ಬಾರದೆ ನಿಲ್ಲುತ್ತದೆ? ಒಪ್ಪಿದರೂ ಒಪ್ಪದಿದ್ದರೂ ಹೋಗುವ ಹಣಕ್ಕೆ ಈ ತೀರ್ಮಾನದಲ್ಲಿ ಜಾಗವಿಲ್ಲ.

ಹಾಗೆ ಕೇಳಿದರೆ ಆಷಾಢದ ಮಟ್ಟಿಗೆ ನಿಮ್ಮ ತಮ್ಮನ ಮಾತಿನಲ್ಲಿ ಹುರುಳಿದೆ. ಗೃಹಪ್ರವೇಶ ನಿಂತಿರುವ ತಿಂಗಳಲ್ಲಿ ಗೇಟು ಕೇಳುವವರು ಕಡಿಮೆ. ಬೋಗಾದಿ, ಶ್ರೀರಾಂಪುರದ ಕಡೆ ಕಟ್ಟುತ್ತಿರುವ ಮನೆಗಳವರೂ ಗೇಟಿನ ಮಾತನ್ನು ಶ್ರಾವಣಕ್ಕೇ ಎತ್ತುತ್ತಾರೆ. ಆದರೂ ನೀವು ಮೂರು ಜೋಡಿಯಲ್ಲಿ ಯಾರನ್ನೂ ಕಳಿಸುವುದಿಲ್ಲ, ಏಕೆಂದರೆ ಶ್ರಾವಣ ಹುಟ್ಟಿದ ಮೇಲೆ ಮೈಸೂರಿನಲ್ಲಿ ಒಳ್ಳೆಯ ವೆಲ್ಡರ್ ಸಿಗುವುದು ಕಷ್ಟ. ಅಂದರೆ ಆ ಸಂಬಳ ನೀವು ಕೊಡುತ್ತಿರುವುದು ಶ್ರಾವಣದಲ್ಲಿ ಅವರು ಕೈಗೆ ಸಿಗಲಿ ಎಂದು. ಡೆಸ್ಕ್ ಮಾಡಲಿ, ಶೀಟಿನ ನೆರಳಲ್ಲಿ ಕೂತು ಚಹಾ ಕುಡಿಯಲಿ, ತಿಂಗಳ ಕೊನೆಗೆ ಮೂರು ಜೋಡಿಗೂ ಸೇರಿ 1,24,800 ಹೋಗುವುದೇ. ಈ ಆರ್ಡರ್ ಅದಕ್ಕೆ ಒಂದು ರೂಪಾಯಿ ಸೇರಿಸುವುದೂ ಇಲ್ಲ, ಕಳೆಯುವುದೂ ಇಲ್ಲ.

ಇದೇ ಜನ ದಿನಗೂಲಿಯವರಾಗಿದ್ದು, ಕೆಲಸವಿಲ್ಲದ ದಿನ ಬರಬೇಡಿ ಎಂದು ನೀವು ಹೇಳುವ ಪದ್ಧತಿ ಇದ್ದಿದ್ದರೆ ಮಾತೇ ಬೇರೆಯಾಗುತ್ತಿತ್ತು. ಆಗ ಡೆಸ್ಕಿಗಾಗಿ ಕರೆಸಿದ್ದಕ್ಕೇ ಕೂಲಿ ಕೊಡಬೇಕು, 200 ರೂಪಾಯಿ ಪೂರ್ತಿ ಈ ಆರ್ಡರಿನ ಖರ್ಚು, ಅಕೌಂಟೆಂಟರ 9,000 ನಷ್ಟವೂ ನಿಜ. ಕೆಲಸ ಇಲ್ಲ ಅಂದ ಮಾತ್ರಕ್ಕೆ ಕೂಲಿ ಸೊನ್ನೆ ಆಗುವುದಿಲ್ಲ. ಕೆಲಸ ಇಲ್ಲದಿದ್ದರೂ ಸಂಬಳ ಹೋಗುತ್ತಿದ್ದರೆ ಮಾತ್ರ ಸೊನ್ನೆ.

ಇನ್ನು ಎಷ್ಟು ಗಂಟೆ ಖಾಲಿ ಇದೆ ಎಂಬುದು. ನಿಮ್ಮ ತಮ್ಮ ತಪ್ಪಿರುವುದು ಇಲ್ಲಿ. ಮೂರು ಜೋಡಿಯ ತಿಂಗಳ ಒಟ್ಟು ಗಂಟೆ 624. ನೀವು ಬರೆದಂತೆ ಆಷಾಢದಲ್ಲೂ ರಿಪೇರಿ, ಗ್ರಿಲ್ಲು, ಒಂದೆರಡು ಶೆಡ್ಡಿನ ಕೆಲಸ ಸೇರಿ ಸುಮಾರು 424 ಗಂಟೆ ಹಿಡಿಯುತ್ತದೆ. ಉಳಿಯುವುದು 200. ಡೆಸ್ಕಿಗೆ ಬೇಕಾದದ್ದು 240. ಮೊದಲ 200 ಗಂಟೆ ಪುಕ್ಕಟೆ, ಒಪ್ಪಿದೆ. ಕೊನೆಯ 40 ಗಂಟೆ ಎಲ್ಲಿಂದ ತರುತ್ತೀರಿ?

ಆ 200 ಎಂಬ ಅಂಕಿಯನ್ನೂ ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಖಾಲಿ ಇರುವ ಕೈ ಖಾಲಿಯಾಗಿ ಕಾಣುವುದಿಲ್ಲ. ಎರಡು ಗಂಟೆಯ ಗ್ರಿಲ್ಲು ಮೂರು ಗಂಟೆ ಎಳೆಯುತ್ತದೆ, ಗ್ರೈಂಡಿಂಗ್ ಮಾಡಿದ್ದನ್ನೇ ಇನ್ನೊಮ್ಮೆ ಮಾಡುತ್ತಾರೆ. ಇದಕ್ಕೆ ಉಲ್ಟಾ ಕೂಡ ಇದೆ: ಮಾಲೀಕರ ಕಣ್ಣಿಗೆ ಖಾಲಿ ಎಂದು ಕಂಡ ಹೊತ್ತಿನಲ್ಲಿ ವೆಲ್ಡರ್ ಸೈಟಿಗೆ ಹೋಗಿ ಅಳತೆ ತೆಗೆದುಕೊಂಡು ಬಂದಿರುತ್ತಾನೆ. ಹೆಬ್ಬಾಳದಲ್ಲೇ ನಾನು ಕಂಡ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಬೂತಿನ ಹಿಂದಿನ ತಗಡಿನ ಮೇಲೆ ಮಾಲೀಕರು ಸೀಮೆಸುಣ್ಣದಲ್ಲಿ ಮೂರು ಕಾಲಂ ಎಳೆದಿದ್ದರು, ಜೋಡಿಗೆ ಒಂದರಂತೆ. ಪ್ರತಿ ಗಂಟೆಗೆ ಒಂದು ಗೆರೆ, ಗೆರೆಯ ಪಕ್ಕ ಗ್ರಾಹಕರ ಹೆಸರಿನ ಮೊದಲ ಅಕ್ಷರ. ಅಕ್ಷರವಿಲ್ಲದ ಗೆರೆ ಅಂದರೆ ಖಾಲಿ ಗಂಟೆ. ಶನಿವಾರ ಸಂಜೆ ಎಣಿಸಿ, ಫೋನಿನಲ್ಲಿ ಫೋಟೊ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಎರಡು ವಾರ ಹಾಗೆ ಮಾಡಿ ನೋಡಿ. 200 ಎಂದುಕೊಂಡದ್ದು 150 ಆಗಿ ಬಂದರೆ ನನಗೇನೂ ಆಶ್ಚರ್ಯವಿಲ್ಲ. ಸದ್ಯಕ್ಕೆ 200 ಎಂದೇ ಇಟ್ಟುಕೊಂಡು ಮುಂದುವರಿಯುತ್ತೇನೆ.

40 ಗಂಟೆಗೆ ಎರಡು ದಾರಿ. ಒಂದು ಓವರ್‌ಟೈಮ್. ನೀವು ಡಬಲ್ ಕೂಲಿ ಕೊಡುತ್ತೀರಿ ಎಂದು ಬರೆದಿದ್ದೀರಿ. 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದದ್ದೂ ಎರಡರಷ್ಟೇ. ಆ ಲೆಕ್ಕದಲ್ಲಿ ಜೋಡಿಯ ಗಂಟೆಗೆ 400, ನಲವತ್ತಕ್ಕೆ 16,000. ಮೂರು ಜೋಡಿಯೂ ಸಂಜೆ ಎರಡೆರಡು ಗಂಟೆ ನಿಂತರೆ ಏಳು ಸಂಜೆಯಲ್ಲಿ ಮುಗಿಯುತ್ತದೆ. ಇನ್ನೊಂದು ದಾರಿ, ಹೊರಗಿನ ಒಂದು ಜೋಡಿಯನ್ನು ದಿನಕ್ಕೆ 2,000 ರೂಪಾಯಿಯಂತೆ ಕರೆತರುವುದು, ಗಂಟೆಗೆ 250. ಹೊಸಬರಿಗೆ ಕೈ ಕೂರುವವರೆಗೆ ನಿಮ್ಮವರ 40 ಗಂಟೆಯ ಕೆಲಸಕ್ಕೆ 48 ಗಂಟೆ ಹಿಡಿಯುತ್ತದೆ ಎಂದರೆ ಆರು ದಿನ, 12,000 ರೂಪಾಯಿ.

ಕಾಗದದ ಮೇಲೆ ಹೊರಗಿನವರೇ ಅಗ್ಗ. ನಾನಾದರೆ ಓವರ್‌ಟೈಮನ್ನೇ ಆರಿಸುತ್ತೇನೆ. ಶಾಲೆಯ ಡೆಸ್ಕಿನ ನಾಲ್ಕೂ ಕಾಲು ನೆಲಕ್ಕೆ ಸರಿಯಾಗಿ ಕೂರಬೇಕು. ಜಿಗ್‌ನಲ್ಲಿ ಬಿಗಿಯದೆ ವೆಲ್ಡ್ ಹೊಡೆದರೆ ಬಿಸಿಗೆ ಪೈಪು ಎಳೆದುಕೊಂಡು ಡೆಸ್ಕು ಕುಂಟುತ್ತದೆ, ಮಕ್ಕಳು ಬರೆಯುವಾಗ ಟಕ್‌ಟಕ್ ಎನ್ನುತ್ತದೆ, ಶಾಲೆಯವರು ವಾಪಸ್ ಕಳಿಸುತ್ತಾರೆ. ಅಂಥ ಹತ್ತು ಡೆಸ್ಕನ್ನು ತಲಾ ಒಂದು ಗಂಟೆ ಓವರ್‌ಟೈಮಿನಲ್ಲಿ ಕತ್ತರಿಸಿ ಜೋಡಿಸಿದರೆ ಉಳಿಸಿದ 4,000 ಅಲ್ಲಿಗೇ ಸರಿಹೋಯಿತು. ಹಾಗಾಗಿ ಆಷಾಢದಲ್ಲೇ ಪೂರ್ತಿ ಮುಗಿಸುವ ಈ ಆರ್ಡರಿನ ಕೂಲಿ 16,000. ಕೈಗೆ ಉಳಿಯುವುದು 39,000 ಅಲ್ಲ, 23,000.

ಈಗ ಇದೇ 60 ಡೆಸ್ಕನ್ನು ಶ್ರಾವಣಕ್ಕೆ ಎತ್ತಿಡಿ. ಪೈಪು ಅದೇ, ಪ್ಲೈವುಡ್ ಅದೇ, ವೆಲ್ಡರ್‌ಗಳೂ ಅವರೇ, ಸಂಬಳವೂ ಅಷ್ಟೇ. ನಿಮ್ಮ ತಮ್ಮ ಆಗಲೂ ಅದೇ ಮಾತು ಹೇಳಬಹುದು: ಸಂಬಳ ಹೇಗಿದ್ರೂ ಕೊಡ್ತೀವಲ್ಲ. ಮಾತು ಸುಳ್ಳಲ್ಲ, ಆದರೆ ಆ ತಿಂಗಳು ಮೂರು ಜೋಡಿಯ ಕೈಯಲ್ಲೂ ಗೇಟಿದೆ. ಡೆಸ್ಕು ಹಿಡಿಯಬೇಕಾದರೆ ಗೇಟು ಬಿಡಬೇಕು.

ಒಂದು ಗೇಟು ಬಿಟ್ಟರೆ ಏನಾಗುತ್ತದೆ ಎಂದು ನಿಮ್ಮ ಹಾಳೆಯಿಂದಲೇ ನೋಡೋಣ. ಗೇಟಿನ ಬೆಲೆ 24,000. ಕಬ್ಬಿಣ, ಪೇಂಟು, ಸಾಗಣೆ ಸೇರಿ 15,000. ಜೋಡಿಯ 20 ಗಂಟೆ. ಗ್ರಾಹಕರು ಬೇರೆ ಕಡೆ ಹೋದರೆ 24,000 ಬರುವುದಿಲ್ಲ, 15,000 ರೂಪಾಯಿಯ ಸಾಮಾನು ತರುವುದಿಲ್ಲ, ಸಂಬಳ ಮಾತ್ರ ಹಾಗೇ ಹೋಗುತ್ತದೆ. ಒಟ್ಟಿಗೆ ಜೇಬಿಗೆ 9,000 ಖೋತಾ. ಇಪ್ಪತ್ತು ಗಂಟೆಗೆ ಹಂಚಿದರೆ ಗಂಟೆಗೆ 450. ಶ್ರಾವಣದಲ್ಲಿ ನಿಮ್ಮ ಜೋಡಿಯ ಒಂದು ಗಂಟೆಯ ಬೆಲೆ ಅದು. 200 ಅಲ್ಲ, ಸೊನ್ನೆಯಂತೂ ಅಲ್ಲವೇ ಅಲ್ಲ. ಡೆಸ್ಕಿನ 240 ಗಂಟೆ ಅಂದರೆ ಹನ್ನೆರಡು ಗೇಟು, 1,08,000 ರೂಪಾಯಿ. ಶಾಲೆಯಿಂದ ಸಿಗುವ 39,000ಕ್ಕಾಗಿ ಅದನ್ನು ಬಿಟ್ಟರೆ 69,000 ಕೈಬಿಟ್ಟಂತೆ.

ಪುಸ್ತಕ ಓದಿ ಬಂದವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ, ಅದೂ ಎರಡು ಬಗೆಯಲ್ಲಿ. ಪುಸ್ತಕದ ಸೂತ್ರ ಹೀಗಿರುತ್ತದೆ: ಕೂಲಿ, ಅದಕ್ಕೆ ಕೈಬಿಟ್ಟ ಕಾಂಟ್ರಿಬ್ಯೂಷನ್, ಅಂದರೆ ಬಿಟ್ಟ ಕೆಲಸದ ಬೆಲೆಯಲ್ಲಿ ಸಾಮಾನು, ಕೂಲಿ ಕಳೆದು ಉಳಿಯುತ್ತಿದ್ದ ಹಣ ಸೇರಿಸಿ. ಗೇಟಿನ 9,000ದಲ್ಲಿ 20 ಗಂಟೆಯ ಕೂಲಿ 4,000 ಕಳೆದರೆ ಕಾಂಟ್ರಿಬ್ಯೂಷನ್ 5,000, ಗಂಟೆಗೆ 250. ಅದಕ್ಕೆ ಕೂಲಿ 200 ಸೇರಿಸಿದರೆ 450. ಸರಿಯಾಗಿಯೇ ಬಂತು. ಒಬ್ಬರು ಏನು ಮಾಡುತ್ತಾರೆಂದರೆ, ಕೂಲಿ ಕಳೆಯದೆಯೇ ಬಂದ 450ಕ್ಕೆ ಇನ್ನೊಮ್ಮೆ 200 ಸೇರಿಸಿ 650 ಮಾಡುತ್ತಾರೆ, ಒಂದೇ ಸಂಬಳವನ್ನು ಎರಡು ಸಲ ಎಣಿಸಿದಂತೆ. ಒಳ್ಳೆಯ ಆರ್ಡರ್‌ಗಳು ದುಬಾರಿಯಾಗಿ ಕಂಡು ವಾಪಸ್ ಹೋಗುವುದು ಇದರಿಂದ. ಇನ್ನೊಬ್ಬರು 250ಕ್ಕೇ ನಿಲ್ಲಿಸಿ, ಸಂಬಳ ಹೇಗೂ ಕೊಡುವುದೇ ಅಲ್ಲವೇ ಎನ್ನುತ್ತಾರೆ. ಆದರೆ ಗೇಟಿನ ಲೆಕ್ಕದಲ್ಲಿ ಅದೇ ಸಂಬಳವನ್ನು ಉಳಿತಾಯವಾದಂತೆ ಕಳೆದುಬಿಟ್ಟಿದ್ದಾರೆ. ಗೇಟು ಹೋದರೆ ಸಂಬಳವೇನೂ ಉಳಿಯಲಿಲ್ಲವಲ್ಲ. ಗೊಂದಲ ಆದಾಗ ಸೂತ್ರ ಬಿಟ್ಟು ಒಂದು ಗೇಟನ್ನು ಹಿಡಿದುಕೊಳ್ಳಿ: ಬಾರದ ಹಣ ಎಷ್ಟು, ಉಳಿದ ಹಣ ಎಷ್ಟು. ನಿಮ್ಮವರು ಪೀಸ್ ರೇಟಿನವರಾಗಿದ್ದರೂ, ಗೇಟಿನ ಕೂಲಿ ಉಳಿದು ಡೆಸ್ಕಿನ ಕೂಲಿ ಹೋಗುತ್ತಿತ್ತು, ಗಂಟೆಯ ದರ ಒಂದೇ ಆಗಿದ್ದರೆ ಕೊನೆಗೆ ಬರುವುದು ಅದೇ 450.

ಗೇಟು ನಿಜವಾಗಿ ಕೈಬಿಟ್ಟು ಹೋಗುತ್ತದೆಯೇ, ಒಂದು ವಾರ ತಡವಾಗುತ್ತದೆ ಅಷ್ಟೇ ಅಲ್ಲವೇ ಎಂದು ಕೇಳಬಹುದು. ಕೇಳಲೇಬೇಕಾದ ಮಾತು. ಕಾಯುವ ಗ್ರಾಹಕರಾದರೆ 450 ಖೋತಾ ಆಗುವುದಿಲ್ಲ, ತಡವಾಗುತ್ತದೆ, ಆ ಗಂಟೆಯ ಬೆಲೆ ತೀರಾ ಇಳಿಯುತ್ತದೆ. ಗ್ರಿಲ್ಲು, ಶೆಡ್ಡಿನ ಕೆಲಸದಲ್ಲಿ ಹಾಗೆ ಕಾಯುವವರು ಇದ್ದಾರೆ. ಗೃಹಪ್ರವೇಶದ ಗೇಟಿಗೆ ಮುಹೂರ್ತ ಗೊತ್ತಾಗಿರುತ್ತದೆ, ಪತ್ರಿಕೆ ಹಂಚಿಯಾಗಿರುತ್ತದೆ. ಅವರು ಕಾಯುವುದಿಲ್ಲ, ಪಕ್ಕದ ರಸ್ತೆಯ ವರ್ಕ್‌ಶಾಪಿಗೆ ಹೋಗುತ್ತಾರೆ. ನಿಮ್ಮ ಶ್ರಾವಣದ ಪಟ್ಟಿಯಲ್ಲಿ ಯಾರು ಯಾವ ಬಗೆಯವರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಹೋಗುವವರನ್ನಷ್ಟೇ 450ರ ಲೆಕ್ಕಕ್ಕೆ ಹಿಡಿಯಿರಿ.

450 ಎಂಬುದು ಶ್ರಾವಣದಲ್ಲೂ ಮೇಲಿನ ಮಿತಿ ಎಂದೇ ತಿಳಿಯಿರಿ. ಅದಕ್ಕಿಂತ ಅಗ್ಗದ ದಾರಿ ನಿಜವಾಗಿ ಸಿಕ್ಕರೆ ಅದರ ಬೆಲೆಯೇ ಕೂಲಿಯ ಬೆಲೆ. ಹೊರಗಿನ ಜೋಡಿ ನಿಧಾನಗತಿಯನ್ನೂ ಸೇರಿಸಿ ಗಂಟೆಗೆ 300 ಬೀಳುತ್ತದೆ, ನಿಮ್ಮವರ ಓವರ್‌ಟೈಮ್ 400. ಎರಡೂ 450ಕ್ಕಿಂತ ಕಡಿಮೆ. ಹಾಗಾದರೆ ಗೇಟು ಬಿಡದೆ ಡೆಸ್ಕು ಮಾಡಬಹುದಲ್ಲ? ಹೊರಗಿನವರಿಂದ 240 ಗಂಟೆ ಮಾಡಿಸಿದರೆ 72,000, ಆಗ ಡೆಸ್ಕಿಗೆ 3,950 ಬಂದರೆ ಸರಿಸಮ. ಆದರೆ ಶ್ರಾವಣದಲ್ಲಿ ಆ ಜೋಡಿ 2,000ಕ್ಕೆ ಸಿಗುತ್ತದೆ ಎಂದು ನನಗೆ ನಂಬಿಕೆಯಿಲ್ಲ, ನಿಮಗೆ ಕೆಲಸ ಇರುವ ಹೊತ್ತಿಗೆ ಊರಿನ ಎಲ್ಲ ಶೆಡ್ಡಿನಲ್ಲೂ ಕೆಲಸ ಇರುತ್ತದೆ. ಓವರ್‌ಟೈಮಿಗೂ ಮಿತಿಯಿದೆ. ಮೂರು ಜೋಡಿ ಸಂಜೆ ಎರಡು ಗಂಟೆ ನಿಂತರೆ ದಿನಕ್ಕೆ ಸಿಗುವುದು ಆರೇ ಗಂಟೆ, 240ಕ್ಕೆ 40 ದಿನ ಬೇಕು. ಅಷ್ಟು ದಿನ ಆರ್ಕಿನ ಮುಂದೆ ಹತ್ತು ಗಂಟೆ ಕೂತವನ ವೆಲ್ಡು ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸ್ವಂತ ಜೋಡಿಯನ್ನೇ ಗೇಟಿನಿಂದ ಎಬ್ಬಿಸುವುದಾದರೆ ಡೆಸ್ಕಿಗೆ 4,550 ಕೇಳಬೇಕು. ಶಾಲೆಯವರು ನಗುತ್ತಾರೆ, ನಗಲಿ.

ಹೀಗೆ ಒಂದೇ ಡೆಸ್ಕಿಗೆ ಆಷಾಢದಲ್ಲಿ ಸುಮಾರು 3,017 ರೂಪಾಯಿ ಬಂದರೂ ಅಸಲಿಗೆ ಮೋಸವಿಲ್ಲ, ಶ್ರಾವಣದಲ್ಲಿ 4,550 ಬೇಕು. ನಡುವೆ ಇರುವುದು ಒಂದು ಅಮಾವಾಸ್ಯೆ.

ನಾನು ಕೈ ಸುಟ್ಟುಕೊಂಡದ್ದೂ ಆ ಗಡಿಯಲ್ಲೇ. ಬಹಳ ವರ್ಷದ ಹಿಂದೆ ಮಂಡ್ಯ ಬಳಿಯ ಒಂದು ವರ್ಕ್‌ಶಾಪಿಗೆ ಲೆಕ್ಕ ನೋಡುತ್ತಿದ್ದೆ. ಆಲೆಮನೆಗಳ ಕೊಪ್ಪರಿಗೆ, ಗಾಣದ ರೋಲರು ರಿಪೇರಿ ಅವರ ಮುಖ್ಯ ಕೆಲಸ. ಕೆಲಸ ಕಡಿಮೆಯಿದ್ದ ತಿಂಗಳಲ್ಲಿ ಯಾರೋ ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡಿಕೊಡಿ ಎಂದು ಬಂದರು. ಕೂಲಿ ಸೊನ್ನೆ ಎಂದು ನಾನೇ ಬರೆದುಕೊಟ್ಟೆ. ಲೆಕ್ಕ ಸರಿಯಿತ್ತು, ಯಾವ ದಿನದವರೆಗೆ ಸೊನ್ನೆ ಎಂದು ಬರೆಯಲಿಲ್ಲ. ಪಾರ್ಟಿ ಮುಂಗಡ ಕೊಡುವುದು ತಡ, ಡ್ರಾಯಿಂಗ್ ಬದಲಾಯಿತು, ಆ್ಯಂಗಲ್ ತಡವಾಗಿ ಬಂತು. ಸ್ಟ್ಯಾಂಡುಗಳು ಅರ್ಧಂಬರ್ಧ ನಿಂತಿರುವಾಗ ಆಲೆಮನೆಗಳಲ್ಲಿ ಗಾಣ ಶುರುವಾದವು. ಒಂದು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ರೋಲರು ಹೇರಿಕೊಂಡು ಒಬ್ಬ ಗೌಡರು ಬಾಗಿಲಲ್ಲಿ ನಿಂತರು. ಕಬ್ಬು ಕಡಿದು ಬಿದ್ದಿದೆ, ದಿನ ಕಳೆದಷ್ಟೂ ತೂಕವೂ ಇಳಿಯುತ್ತದೆ, ಬೆಲ್ಲವೂ ಕೆಡುತ್ತದೆ. ಮಾಲೀಕರು ಸ್ಟ್ಯಾಂಡು ತೋರಿಸಿ ಎರಡು ದಿನ ಕೇಳಿದರು. ಗೌಡರು ಮಾತಾಡದೆ ಟ್ರ್ಯಾಕ್ಟರು ತಿರುಗಿಸಿದರು. ಆಮೇಲೆ ಅವರ ಕೊಪ್ಪರಿಗೆಯೂ ಆ ವರ್ಕ್‌ಶಾಪಿಗೆ ಬರಲಿಲ್ಲ.

ನಿಮ್ಮ ಡೆಸ್ಕಿಗೆ ಆ ಗಡಿ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಕೂಲಿ ಬಿಟ್ಟು ಉಳಿಯುವುದು 39,000, ಶ್ರಾವಣದ ಗಂಟೆಗೆ 450. ಭಾಗಿಸಿದರೆ 86 ಗಂಟೆ ಚಿಲ್ಲರೆ. ಓವರ್‌ಟೈಮ್ ಮಾಡಿಸದೆ, ಖಾಲಿ ಹೊತ್ತಿನಲ್ಲಿ ಆದಷ್ಟು ಮಾಡಿ ಉಳಿದದ್ದನ್ನು ಶ್ರಾವಣಕ್ಕೆ ತಳ್ಳಿದರೆ, 21 ಡೆಸ್ಕು ಜಾರುವವರೆಗೂ ಹೇಗೋ ತಡೆಯುತ್ತದೆ. 22ನೆಯ ಡೆಸ್ಕಿಗೆ ಲಾಭ ಪೂರ್ತಿ ಕರಗಿ ಕೈಯಿಂದ ಹೋಗಲು ಶುರು. ಮುಂಗಡ ಎರಡು ವಾರ ತಡವಾಗಿ ಅರ್ಧ ಕೆಲಸ ಶ್ರಾವಣಕ್ಕೆ ಬಿದ್ದರೆ 120 ಗಂಟೆ, 54,000. ಅಕೌಂಟೆಂಟ್ ಹೇಳಿದ್ದಕ್ಕಿಂತ ದೊಡ್ಡ ನಷ್ಟ, ಆದರೆ ಅವರು ಹೇಳಿದ ಕಾರಣಕ್ಕಲ್ಲ.

450 ಗೊತ್ತಾದ ಮೇಲೆ ಆಷಾಢದ ಸೊನ್ನೆಯನ್ನು ಇನ್ನೊಮ್ಮೆ ತಿರುಗಿ ನೋಡಬೇಕು. ಖಾಲಿ ಹೊತ್ತಿನಲ್ಲಿ ನಿಮ್ಮ ಜನ ಮಾಡಬಹುದಾದ ಬೇರೆ ಉಪಯೋಗದ ಕೆಲಸ ಏನೂ ಇಲ್ಲ ಎಂಬುದು ಆ ಸೊನ್ನೆಯ ಹಿಂದಿರುವ ಊಹೆ. ಅದು ಪೂರ್ತಿ ನಿಜವೇ? ಗೇಟಿನ ಅಳತೆ ಮನೆಮನೆಗೆ ಬೇರೆ, ಮೊದಲೇ ಮಾಡಿಡಲು ಆಗುವುದಿಲ್ಲ. ಆದರೆ ಪ್ರತಿ ಗೇಟಿಗೂ ಹಾಕುವ ಕೀಲು, ಚಿಲಕ, ಮೇಲಿನ ಮೊನೆಗಳು, ಕೆಳಗಿನ ರೋಲರಿನ ಬ್ರಾಕೆಟ್ಟು ಎಲ್ಲ ಗೇಟಿಗೂ ಒಂದೇ. ಗೇಟಿನ 20 ಗಂಟೆಯಲ್ಲಿ ಮೂರು ಗಂಟೆ ಇವಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಹನ್ನೆರಡು ಗೇಟಿಗಾಗುವಷ್ಟನ್ನು ಆಷಾಢದಲ್ಲೇ ಮಾಡಿ ಡಬ್ಬಿಗೆ ತುಂಬಿಟ್ಟರೆ ಶ್ರಾವಣದಲ್ಲಿ 36 ಗಂಟೆ ಬಿಡುವಾಗುತ್ತದೆ, ಅಂದರೆ ಸುಮಾರು ಎರಡು ಗೇಟು ಹೆಚ್ಚು. ಗ್ರಾಹಕರು ಬಾಗಿಲಲ್ಲಿ ಇದ್ದಾರೆ ಎಂದಾದರೆ ಆ 36 ಗಂಟೆಗೆ 16,200 ರೂಪಾಯಿ ಬೆಲೆಯಿದೆ. ಡೆಸ್ಕು ಆ 36 ಗಂಟೆಯನ್ನೂ ನುಂಗಿದರೆ ಅದೂ ಡೆಸ್ಕಿನ ಖರ್ಚೇ. ತಪ್ಪಿಸಲು ಇನ್ನೂ 36 ಗಂಟೆ ಓವರ್‌ಟೈಮ್ ಮಾಡಿಸಿದರೆ 14,400. ಕಡಿಮೆಯದ್ದನ್ನು ಹಿಡಿಯಿರಿ: 23,000ದಲ್ಲಿ 14,400 ಹೋಗಿ ಉಳಿಯುವುದು 8,600.

39,000 ಎಂದು ಹೊರಟದ್ದು 8,600ಕ್ಕೆ ಬಂದು ನಿಂತಿತು. ಆದರೂ ಅದು ಉಳಿತಾಯವೇ, ಹಾಗಾಗಿ ಆರ್ಡರ್ ತೆಗೆದುಕೊಳ್ಳಿ ಎಂದೇ ನನ್ನ ಸಲಹೆ. ಆದರೆ 3,400ರಲ್ಲಿ ಚೌಕಾಸಿಗೆ ಜಾಗ ಬಹಳ ಇದೆ ಎಂದುಕೊಳ್ಳಬೇಡಿ. ನಿಮ್ಮ ತಳ ಸುಮಾರು 3,260. ಶಾಲೆಯವರು 3,200 ಎಂದರೆ ಕೈಮುಗಿದು ಕಳಿಸಿ, ಕೀಲು ಚಿಲಕ ಮಾಡಿಸಿಕೊಳ್ಳಿ.

ಅಕೌಂಟೆಂಟರನ್ನು ಬೈಯಬೇಡಿ. ಅವರ 200 ರೂಪಾಯಿ ಬೇರೆ ಪ್ರಶ್ನೆಗೆ ಸರಿಯಾದ ಉತ್ತರ. ವರ್ಷಪೂರ್ತಿ ಸೇರಿ ಆರು ಜನರ ಸಂಬಳ, ಶೆಡ್ಡಿನ ಬಾಡಿಗೆ ಎಲ್ಲ ಗಿಟ್ಟಬೇಕಲ್ಲ, ಗೇಟಿನ ಮಾಮೂಲಿ ದರ ಇಡುವಾಗ, ಇನ್ನೊಂದು ಜೋಡಿ ಇಟ್ಟುಕೊಳ್ಳಬೇಕೇ ಎಂದು ಯೋಚಿಸುವಾಗ ಅವರ ಹಾಳೆಯೇ ಬೇಕು. ಪ್ರತಿ ಆಷಾಢವೂ ಹೀಗೇ 200 ಗಂಟೆ ಖಾಲಿ ಬಿದ್ದರೆ ಮೂರನೆಯ ಜೋಡಿಯನ್ನು ವರ್ಷವಿಡೀ ಸಾಕುವುದು ಗಿಟ್ಟುತ್ತದೆಯೇ ಎಂಬ ಪ್ರಶ್ನೆಯೂ ಏಳುತ್ತದೆ. ಆ ಲೆಕ್ಕದಲ್ಲಿ ಸಂಬಳ ಸೊನ್ನೆಯಲ್ಲ, ಏಕೆಂದರೆ ಅಲ್ಲಿ ನೀವು ನಿರ್ಧರಿಸುತ್ತಿರುವುದೇ ಸಂಬಳವನ್ನು.

ಕೊಟೇಷನ್ನಿನಲ್ಲಿ ಎರಡು ಸಾಲು ತಪ್ಪದೆ ಬರೆಯಿರಿ. ಮುಂಗಡ ಮತ್ತು ಡ್ರಾಯಿಂಗಿಗೆ ಒಪ್ಪಿಗೆ ಇಂಥ ತಾರೀಖಿನೊಳಗೆ ಬಂದರೆ ಮಾತ್ರ 3,400, ನಂತರ ಬಂದರೆ ದರ ಬೇರೆ. ಆ ತಾರೀಖನ್ನು ಪಂಚಾಂಗ ನೋಡಿ ಹಿಂದಕ್ಕೆ ಎಣಿಸಿ: ಮೂರು ಜೋಡಿಯ ಖಾಲಿ ಹೊತ್ತು ದಿನಕ್ಕೆ ಎಂಟು ಗಂಟೆಗೂ ಕಡಿಮೆ, ಆದ್ದರಿಂದ ಆಷಾಢದ ಮೊದಲ ವಾರ ದಾಟಿದರೆ ಈ ಲೆಕ್ಕ ಮುರಿಯುತ್ತದೆ. ಎರಡನೆಯ ಸಾಲು, ಈ ದರ ಈ 60 ಡೆಸ್ಕಿಗೆ ಮಾತ್ರ ಎಂದು. ಇಲ್ಲದಿದ್ದರೆ ದಸರಾ ಗೇಟುಗಳ ನಡುವೆ ಅದೇ ಶಾಲೆಯ ಮೇಷ್ಟ್ರು ಹಳೆಯ ಬಿಲ್ಲು ಹಿಡಿದು, ಇನ್ನು 20 ಬೇಕು ಸ್ವಾಮಿ ಎಂದು ಬರುತ್ತಾರೆ.